ಅರವತ್ತರ ತಮ್ಮ, ಇಪ್ಪತ್ತನಾಲ್ಕರ ಆಪಾ

ಬೀದರಿನಲ್ಲಿ ನಾನು ಆಪ್ತ ಸಮಾಲೋಚನೆ ಕಲಿಸುತ್ತಿದ್ದ ದಿನಗಳಲ್ಲಿ ನನ್ನ ವಿದ್ಯಾರ್ಥಿಗಳಿಗೆ ಅಂಟುತ್ತಿದ್ದ ಮೊದಲ ರೋಗವೆಂದರೆ ಟ್ರಾನ್ಸ್‌ಫರೆನ್ಸ್. ಆ ಶಬ್ದ ಬಾಯಿಗೆ ಬಂದ ಮರುದಿನದಿಂದಲೇ ಅವರಿಗೆ ಎಲ್ಲೆಲ್ಲೂ ಅದೇ ಕಾಣುತ್ತಿತ್ತು. ಚಹಾದವನು ಗ್ಲಾಸು ಕುಕ್ಕಿ ಇಟ್ಟರೆ ಟ್ರಾನ್ಸ್‌ಫರೆನ್ಸ್. ಬಸ್ಸಿನ ಕಂಡಕ್ಟರ್ ಚಿಲ್ಲರೆಗೆ ಜಗಳ ತೆಗೆದರೆ ಟ್ರಾನ್ಸ್‌ಫರೆನ್ಸ್. ಒಬ್ಬನಂತೂ ತನ್ನ ಅತ್ತೆ ಊಟಕ್ಕೆ ಎರಡನೆಯ ಸಲ ಬಡಿಸಲಿಲ್ಲ ಎಂಬುದಕ್ಕೂ ಅದನ್ನೇ ಕಾರಣ ಕೊಟ್ಟ. ನಾನು ಅವನ ಅತ್ತೆಯನ್ನು ನೋಡಿದ್ದೆ. ಅದು ಬರೀ ಜಿಪುಣತನ.

ಕನ್ನಡದ ಪಠ್ಯದಲ್ಲಿ ಅದನ್ನು ಭಾವ ವರ್ಗಾವಣೆ ಎಂದು ಬರೆದಿದ್ದರು. ವರ್ಗಾವಣೆ ಎಂದರೇನೆಂದು ಬೀದರಿನವರಿಗೆ ಯಾರೂ ಕಲಿಸಬೇಕಿಲ್ಲ. ಎಲ್ಲೋ ದಕ್ಷಿಣದ ಊರಿನಲ್ಲಿ ಮೇಲಿನವರ ಕೈಲಿ ಉಗಿಸಿಕೊಂಡ ಅಧಿಕಾರಿಯನ್ನು ಶಿಕ್ಷೆಯೆಂದು ನಮ್ಮೂರಿಗೆ ಹಾಕುತ್ತಾರೆ. ಅವನು ಇಲ್ಲಿ ಬಂದು, ಅಲ್ಲಿ ಬಾಯಿಬಿಟ್ಟು ಹೇಳಲಾಗದ ಸಿಟ್ಟನ್ನೆಲ್ಲ ನಮ್ಮ ರೈತರ ಮೇಲೆ ತೀರಿಸಿಕೊಳ್ಳುತ್ತಾನೆ. ಅರ್ಜಿ ಹಿಡಿದು ನಿಂತ ಔರಾದಿನ ಮುದುಕನಿಗೆ ತಾನೇನು ತಪ್ಪು ಮಾಡಿದೆನೆಂದು ತಿಳಿಯುವುದಿಲ್ಲ. ಏನೂ ಮಾಡಿಲ್ಲ, ಬೇರೆ ಯಾರದೋ ಜಾಗದಲ್ಲಿ ನಿಂತಿದ್ದಾನೆ ಅಷ್ಟೆ. ನಾನು ತರಗತಿಯಲ್ಲಿ ಇಷ್ಟನ್ನು ಹೇಳಿ, ಆ ಮುದುಕನ ಜಾಗದಲ್ಲಿ ಸಮಾಲೋಚಕ ಕೂತಿದ್ದಾನೆ ಎಂದುಕೊಳ್ಳಿ, ಮುಗಿಯಿತು ಎನ್ನುತ್ತಿದ್ದೆ. ಹಿಂದೆ ಯಾರ ಮೇಲೋ ಇದ್ದ ಪ್ರೀತಿ, ಹೆದರಿಕೆ, ಹಗೆ, ಹಂಬಲ ಈಗ ಎದುರು ಕೂತವರ ಮೇಲೆ ಬಂದು ಕೂಡುತ್ತದೆ. ಬಂದವರಿಗೆ ಅದು ಗೊತ್ತಾಗುವುದಿಲ್ಲ. ಗೊತ್ತಾಗಬೇಕಾದದ್ದು ನಮಗೆ.

ನಮಗೂ ಗೊತ್ತಾಗುವುದಿಲ್ಲ ಎಂಬುದು ಎರಡನೆಯ ಪಾಠ.

ಒಂದು ಆಸ್ಪತ್ರೆಯ ಹಿಂದೆ ಹಳೆಯ ದಾಸ್ತಾನು ಕೋಣೆಗಳೆರಡನ್ನು ನಮಗೆ ಬಿಟ್ಟುಕೊಟ್ಟಿದ್ದರು. ಒಂದರಲ್ಲಿ ತರಗತಿ, ಇನ್ನೊಂದರಲ್ಲಿ ಸಮಾಲೋಚನೆ. ಡಾಕ್ಟರರಿಗೆ ಕಾರಣ ಸಿಗದ ತಲೆನೋವು, ಎದೆನೋವು, ನಿದ್ದೆಗೇಡುಗಳೆಲ್ಲ ನಮ್ಮ ಕಡೆ ಬರುತ್ತಿದ್ದವು. ಇಲ್ಲಿ ನಾನು ಯಾರ ಹೆಸರನ್ನೂ ಹೇಳುವುದಿಲ್ಲ, ಊರು ಕಸುಬುಗಳನ್ನೂ ಸ್ವಲ್ಪ ಹೊರಳಿಸಿದ್ದೇನೆ. ನಾನು ಭಾಲ್ಕಿಯವಳು, ಬಾಯಿ ಜೋರಿನವಳು ಎಂಬುದನ್ನು ಮಾತ್ರ ಹೊರಳಿಸಲು ಆಗಲಿಲ್ಲ.

ಔರಾದಿನಿಂದ ಒಬ್ಬ ನಿವೃತ್ತ ಹೆಡ್‌ಮಾಸ್ತರರು ಬರುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಯಾರೊಡನೆಯೂ ಮಾತಿಲ್ಲ. ಅವರನ್ನು ಕಮಲನಗರದ ಒಬ್ಬ ಹುಡುಗನಿಗೆ ಒಪ್ಪಿಸಿದೆ. ಮೊದಲ ವಾರವೇ ಮಾಸ್ತರರು ಅವನ ಉಚ್ಚಾರ ತಿದ್ದಿದರು, ನೇರವಾಗಿ ಕೂಡಲು ಹೇಳಿದರು. ಇದು ಅವರ ವರ್ಗಾವಣೆ. ಜೀವನದಲ್ಲಿ ಯಾರೊಡನೆ ಹೇಗಿರಬೇಕೆಂದು ಅವರು ಕಲಿತಿದ್ದರೋ ಹಾಗೇ ಇದ್ದರು. ನಮ್ಮ ಹುಡುಗ ಮೂರನೆಯ ವಾರಕ್ಕೆ ತಲೆಗೆ ಎಣ್ಣೆ ಹಚ್ಚಿ, ಬೈತಲೆ ತೆಗೆದು ಬಂದ. ಇದು ಅವನ ಪ್ರತಿವರ್ಗಾವಣೆ, ಬಂದವರ ಭಾವಕ್ಕೆ ನಮ್ಮೊಳಗೆ ಏಳುವ ಮರುಭಾವ. ಮಾಸ್ತರರ ಹೆಂಡತಿಯ ವಿಷಯ ಏನಾಯಿತು ಎಂದು ಕೇಳಿದರೆ, "ಅದು ಕೇಳ್ಲಿಕ್ಕೆ ಧೈರ್ಯ ಆಗ್ಲಿಲ್ರಿ ಮೇಡಂ, ಸರ್ ಬೈತಾರ" ಅಂದ. ಹೆಂಡತಿ ಸತ್ತ ದುಃಖ ಹೇಳಲು ಬಂದ ಮನುಷ್ಯ ಮತ್ತೊಂದು ಶಾಲೆ ತೆರೆದು ಕೂತಿದ್ದರು, ಇವನು ಹಾಜರಿ ಹಾಕಿಸಿಕೊಳ್ಳುತ್ತಿದ್ದ.

ಮತ್ತೊಬ್ಬಳು ವಿದ್ಯಾರ್ಥಿನಿ, ಚಿಕ್ಕಂದಿನಲ್ಲೇ ತಾಯಿ ಕಳೆದುಕೊಂಡವಳು. ಅವಳ ಹತ್ತಿರ ಬರುತ್ತಿದ್ದ ಒಬ್ಬ ಅಂಗಡಿಕಾರರ ಹೆಂಡತಿ ಪ್ರತಿ ಸಲ ಶೇಂಗಾ ಉಂಡಿ ಕಟ್ಟಿಕೊಂಡು ಬರುತ್ತಿದ್ದರು. ಅರ್ಧ ತಾಸು ಇವಳು ತಿನ್ನುವುದು, ಅರ್ಧ ತಾಸು ಅವರು ನೋಡುವುದು. ಇಬ್ಬರಿಗೂ ತುಂಬಾ ಸಮಾಧಾನ. ಆ ತಾಯಿಯ ಮಗಳು ಮನೆಬಿಟ್ಟು ಹೋಗಿದ್ದಳೆಂಬುದು ಉಂಡಿಯ ಡಬ್ಬಿಯ ಕೆಳಗೆ ಎರಡು ತಿಂಗಳು ಮುಚ್ಚಿಹೋಗಿತ್ತು.

ಇನ್ನೊಬ್ಬ ಜಾಣ, ಕಾಯುವ ಬೆಂಚಿನಲ್ಲಿ ಫ್ಯಾನಿಲ್ಲದೆ ಒಂದು ತಾಸು ಬೆವತು, ಒಳಗೆ ಬಂದು ರೇಗಿದ ಹೆಂಗಸಿಗೆ, "ನಿಮಗ ಹಿಂದ ಯಾರ ಮ್ಯಾಲ ಇಷ್ಟು ಸಿಟ್ಟಿತ್ರಿ?" ಎಂದು ಕೇಳಿದ್ದ. ಆಕೆ, "ನಿಮ್ಮ ಮ್ಯಾಲೇ ಅದರೀ, ಈಗ" ಅಂದಳಂತೆ. ಸರಿಯಾಗಿಯೇ ಹೇಳಿದಳು. ತಡಮಾಡಿದ ಮೇಲೆ ತಪ್ಪಾಯ್ತು ಅನ್ನಬೇಕು, ಅವಳ ತಂದೆಯನ್ನು ಹುಡುಕಿಕೊಂಡು ಹೋಗಬಾರದು.

ನಮ್ಮ ಪಠ್ಯವನ್ನು ಬರೆದವರು ಬೆಂಗಳೂರಿನವರು. ಬಂದವರನ್ನು ಹೆಸರು ಹಿಡಿದು ಕರೆಯಿರಿ, ಬಂಧುವಿನ ಸಲಿಗೆ ಬೇಡ ಎಂದು ಅದರಲ್ಲಿತ್ತು. ಬೀದರಿನಲ್ಲಿ ಅರವತ್ತು ದಾಟಿದವರನ್ನು ಹೆಸರು ಹಿಡಿದು ಕರೆದರೆ ಅವರು ಮುಂದೆ ಮಾತಾಡುವುದಿರಲಿ, ಕುರ್ಚಿಯ ಮೇಲೂ ಕೂಡುವುದಿಲ್ಲ. ಹೊಸ್ತಿಲಲ್ಲೇ ಕಾಕಾ, ಆಯಿ, ಅಕ್ಕ, ಬೇಟಿ ಎಂದು ನಾವು ನೆಂಟರಾಗಿಬಿಡುತ್ತೇವೆ. ಪಠ್ಯದಲ್ಲಿ ಹತ್ತು ಭೇಟಿ ಆದ ಮೇಲೆ ಕಾಣಿಸಬೇಕಾದದ್ದು ನಮ್ಮಲ್ಲಿ ಚಪ್ಪಲಿ ಬಿಡುವಾಗಲೇ ಆಗಿಹೋಗಿರುತ್ತದೆ. ಹೀಗಾಗಿ ನಾನು ಹುಡುಗರಿಗೆ ಹೇಳುತ್ತಿದ್ದೆ: ನೆಂಟಸ್ತಿಕೆಯ ಶಬ್ದ ಬಂದರೆ ಬರಲಿ, ಹೆದರಬೇಡಿ. ಆದರೆ ಯಾವ ಶಬ್ದ ಎಂದು ಕಿವಿಗೊಟ್ಟು ಕೇಳಿ.

ಭಾಲ್ಕಿ ಕಡೆಯ ಒಂದು ಹಳ್ಳಿಯಿಂದ ಒಬ್ಬ ಕಾಕಾ ಬಂದದ್ದು ಇಂಥ ಹೊತ್ತಿನಲ್ಲೇ. ನಿಜಾಮನ ರಾಜ್ಯಕ್ಕೆ ಭಾರತದ ಸೈನ್ಯ ನುಗ್ಗಿದ ಪೋಲೀಸ್ ಆಕ್ಷನ್ ಆಗಿ ಐವತ್ತು ವರ್ಷ ದಾಟಿತ್ತು, ಕಾಕಾಗೆ ಅರವತ್ತರ ಹತ್ತಿರ. ಹಿಂದೂ ಮನೆತನ; ಕುರಿ, ಹೊಲ, ಮಕ್ಕಳು, ಮೊಮ್ಮಕ್ಕಳು, ಎಲ್ಲ ಇತ್ತು. ದೀಪ ಹಚ್ಚುವ ಹೊತ್ತಿಗೆ ಎದೆ ಹಿಡಿದಂತಾಗುತ್ತಿತ್ತು. ಆಗ ಎದ್ದು ಹೋಗಿ ಮನೆಯ ಬಾಗಿಲು ತೆರೆದಿಟ್ಟು ಅದರ ಎದುರು ಕೂತುಬಿಡುತ್ತಿದ್ದರು. ನಾಯಿ ಒಳಗೆ ಬರುತ್ತದೆ, ಸೊಳ್ಳೆ ಬರುತ್ತದೆ, ಏನು ಹೇಳಿದರೂ ಮುಚ್ಚಗೊಡುವುದಿಲ್ಲ ಎಂದು ಸೊಸೆಯ ತಕರಾರು. ಡಾಕ್ಟರರು ಎದೆಯ ಇಸಿಜಿ ಪಟ್ಟಿ ತೆಗೆಸಿ, ಹೃದಯ ಎತ್ತಿನಂತಿದೆ ಎಂದು ನಮ್ಮ ಕಡೆ ಕಳಿಸಿದರು.

ಅವರನ್ನು ನಾನು ಬೀದರ್ ಕೋಟೆಯೊಳಗಿನ ಓಣಿಯ ಒಬ್ಬ ಹುಡುಗಿಗೆ ಒಪ್ಪಿಸಿದೆ. ಮುಸ್ಲಿಂ ಮನೆತನ, ಮನೆಯಲ್ಲಿ ದಖ್ಖನಿ ಉರ್ದು, ಹೊರಗೆ ನಮ್ಮೆಲ್ಲರಿಗಿಂತ ಚೆನ್ನಾದ ಕನ್ನಡ. ಇಪ್ಪತ್ತನಾಲ್ಕರ ವಯಸ್ಸು. ಇಡೀ ತಂಡದಲ್ಲಿ ಟ್ರಾನ್ಸ್‌ಫರೆನ್ಸ್ ಎಂಬ ಶಬ್ದವನ್ನು ಬಳಸದೆ ಇದ್ದವಳು ಅವಳೊಬ್ಬಳೇ, ಅದಕ್ಕೇ ಅವಳ ಮೇಲೆ ನನಗೆ ಭರವಸೆ.

ಮೊದಲ ಭೇಟಿಯಲ್ಲಿ ಕಾಕಾ ಅವಳನ್ನು ಬೇಟಿ, ಮಗಳೇ, ಎಂದರು. ಸರಿ, ಅಷ್ಟು ವಯಸ್ಸಿನ ಅಂತರವಿತ್ತು. ಎರಡನೆಯ ಭೇಟಿಯಲ್ಲಿ ಏನೆಂದೂ ಕರೆಯಲಿಲ್ಲ. ಮೂರನೆಯದರಲ್ಲಿ, ಎದ್ದು ನಿಂತು, ಟೋಪಿ ಕೈಯಲ್ಲಿ ಹಿಡಿದು, "ಹೋಗ್ಲೇನ್ರಿ ಆಪಾ?" ಎಂದರು.

ಆಪಾ ಎಂದರೆ ಅಕ್ಕ. ನಮ್ಮ ಕಡೆಯ ಮುಸ್ಲಿಂ ಮನೆಗಳಲ್ಲಿ ಹಿರಿಯಕ್ಕನನ್ನು ಹಾಗೆ ಕರೆಯುತ್ತಾರೆ. ತರಗತಿಯಲ್ಲಿ ಅವಳು ಇದನ್ನು ಹೇಳಿದಾಗ ಉಳಿದವರು ಬಿದ್ದು ಬಿದ್ದು ನಕ್ಕರು. ಅರವತ್ತರ ತಮ್ಮ, ಇಪ್ಪತ್ತನಾಲ್ಕರ ಆಪಾ! ಕಮಲನಗರದ ಹುಡುಗ, ಬೈತಲೆ ಇನ್ನೂ ಅಳಿಸಿರಲಿಲ್ಲ, ಎಲ್ಲರಿಗಿಂತ ಜೋರಾಗಿ ನಕ್ಕ. ನಾನು ನಗಲಿಲ್ಲ. ಮುದುಕನೊಬ್ಬ ಹೋಗಲು ಅಪ್ಪಣೆ ಕೇಳುತ್ತಿದ್ದಾನೆ, ಕೇಳುವಾಗ ಎಷ್ಟು ವರ್ಷದವನಾಗಿದ್ದಾನೆ ಎಂದು ಕೇಳಿದೆ. ಹುಡುಗಿ ಯೋಚಿಸಿ, "ಏಳೋ ಎಂಟೋ ಇರಬೇಕ್ರಿ" ಅಂದಳು. ನಗು ನಿಂತಿತು.

ಆಮೇಲೆ ಅವಳಲ್ಲೂ ಒಂದೊಂದೇ ಕಾಣತೊಡಗಿತು. ಕಾಕಾನ ದಿನ ಅವಳು ಬೇಗ ಬರುತ್ತಿದ್ದಳು. ಐವತ್ತು ನಿಮಿಷದ ಭೇಟಿ ಎಳೆದು ಎಳೆದು ಮುಂದೆ ಹೋಗುತ್ತಿತ್ತು. ಅವರು ತಂದ ಸೀತಾಫಲವನ್ನು ಬೇಡ ಎನ್ನಲಾಗದೆ ತೆಗೆದುಕೊಂಡಳು, ತಾನೂ ಚಹಾ ತರಿಸಿಕೊಟ್ಟಳು. ಹುಮನಾಬಾದಿನಲ್ಲಿ ಮದುವೆಯೆಂದು ಅವಳು ಒಂದು ವಾರ ಬರದೆ ಇದ್ದಾಗ, ಮೊದಲೇ ಹೇಳಿದ್ದರೂ ಕಾಕಾ ಬಂದು ಬೆಂಚಿನ ಮೇಲೆ ಸಂಜೆಯವರೆಗೆ ಕೂತಿದ್ದರು. ನಾನು ಕರೆದರೆ ಒಳಗೆ ಬರಲಿಲ್ಲ. ನನ್ನ ಮುಖ ಯಾರ ಅಕ್ಕನದೂ ಆಗಿರಲಿಲ್ಲ.

"ಹೊತ್ತು ಯಾಕ ಮೀರ್ತದ?" ಎಂದು ಅವಳನ್ನು ಕೇಳಿದೆ.

"ಪಾಪ ಅನಿಸ್ತದ್ರಿ ಮೇಡಂ. ಎದ್ದು ಹೋಗು ಅಂತ ಹ್ಯಾಂಗ ಅನ್ಲಿ? ನನ್ನ ನೋಡಿದ್ರ ಸಣ್ಣ ಹುಡುಗನಗತೆ ಕೂಡ್ತಾರ."

"ಹಂಗಾದ್ರ ನೀನೂ ಅಕ್ಕನಗತೆ ಕೂತಿ. ಒಬ್ಬರರ ದೊಡ್ಡವರಾಗಬೇಕಲ್ಲ."

ಅವಳಿಗೆ ಸಿಟ್ಟು ಬಂತು, ತೋರಿಸಲಿಲ್ಲ. ನನ್ನ ವಿದ್ಯಾರ್ಥಿಗಳಿಗೆ ಸಿಟ್ಟು ತೋರಿಸಲು ಹೆದರಿಕೆ. ಅದೂ ಒಂದು ವರ್ಗಾವಣೆಯೇ, ಆದರೆ ನನಗೆ ಅದರಿಂದ ಅನುಕೂಲವಿತ್ತು, ಬಿಡಿಸಲು ಹೋಗಲಿಲ್ಲ.

ಮುಂದಿನ ಭೇಟಿಯಲ್ಲಿ ಅವಳು ಹೊತ್ತಿಗೆ ಸರಿಯಾಗಿ ನಿಲ್ಲಿಸುವ ಮೊದಲು ಒಂದು ಮಾತು ಕೇಳಿದಳು. "ಕಾಕಾ, ನೀವು ನನಗ ಆಪಾ ಅಂತೀರಿ. ಮೊದಲ ಯಾರಿಗಿ ಅಂತಿದ್ರಿ?" ಸರಿಯಾದ ಪ್ರಶ್ನೆ, ಸರಿಯಾದ ಹೊತ್ತು. ಅವರು ಟೋಪಿ ತೆಗೆದು ಮೊಣಕಾಲ ಮೇಲಿಟ್ಟರು. ಆಮೇಲೆ ಹೇಳಿದರು.

ಪಕ್ಕದ ಮನೆಯವರು ಹತ್ತಿ ಹಿಂಜುವ ಮುಸ್ಲಿಮರು. ತಾಯಿ ಕುರಿಯ ಹಿಂದೆ ಹೋದರೆ ಇವರನ್ನು ಸೊಂಟದ ಮೇಲೆ ಹೊತ್ತುಕೊಂಡು ತಿರುಗಿದವಳು ಆ ಮನೆಯ ಹಿರಿಯ ಮಗಳು. ಇವರಿಗೆ ಎಂಟು ಆಗುವ ಹೊತ್ತಿಗೆ ಅವಳಿಗೆ ಹದಿನಾರೋ ಹದಿನೇಳೋ. ಮೊದಲು ನಿಜಾಮನ ಪರದ ರಜಾಕಾರರ ಹೆದರಿಕೆ, ಇವರ ಮನೆಯವರೆಲ್ಲ ಹೊಲದಲ್ಲಿ ಅಡಗಿದರು. ಆಗ ರೊಟ್ಟಿ ಮುಟ್ಟಿಸಿದವಳು ಆಪಾ. ಆಮೇಲೆ ಮಿಲಿಟರಿ ಬಂತು, ನಿಜಾಮನ ರಾಜ್ಯ ಹೋಯಿತು, ಹೆದರಿಕೆ ಓಣಿಯ ಈ ಬದಿಯಿಂದ ಆ ಬದಿಗೆ ಹೋಯಿತು. ಹತ್ತಿ ಹಿಂಜುವವರು ಯಾರ ರಾಜ್ಯ ಆಳಿದ್ದರು? ಅದನ್ನು ಕೇಳುವವರಿರಲಿಲ್ಲ. ಒಂದು ದಿನ ದೀಪ ಹಚ್ಚುವ ಹೊತ್ತಿಗೆ ಬಾಗಿಲು ಬಡಿಯಿತು. ತಂದೆ ಹೊರಗೆ ಹೋಗಿದ್ದ, ಯಾರು ಬಂದರೂ ತೆರೆಯಬೇಡ ಎಂದು ಹೇಳಿದ್ದ. ತಾಯಿ ಜ್ವರದಲ್ಲಿ ಮಲಗಿದ್ದಳು. ಹೊರಗಿನಿಂದ, "ಛೋಟೆ, ಖೋಲ್ ರೇ", ಚಿಕ್ಕವನೇ ತೆರೆಯೋ, ಎಂಬ ದನಿ. ದನಿ ಗೊತ್ತಾಯಿತು. ಎಂಟು ವರ್ಷದ ಹುಡುಗ ಬಾಗಿಲ ಹಿಂದೆ ಉಸಿರು ಹಿಡಿದು ನಿಂತ. ಅವಳು ಮೂರು ನಾಲ್ಕು ಸಲ ಕರೆದು ಹೋದಳು. ಮರುದಿನ ಆ ಮನೆಯಲ್ಲಿ ಯಾರೂ ಇರಲಿಲ್ಲ. ಬೀದರಿಗೆ ಓಡಿಹೋದರೆಂದು ಕೆಲವರು, ಬಾವಿಯ ಪಾಲಾದರೆಂದು ಕೆಲವರು.

"ಬೈರಿ ಆಪಾ," ಎಂದರಂತೆ ಕಾಕಾ. "ಒಂದು ಸಲ ಬೈದು ಬಿಡ್ರಿ. ಇಲ್ಲಾಂದ್ರ ಮಾಫ್ ಮಾಡೀನಿ ಅನ್ರಿ."

ಹುಡುಗಿ ಹೊತ್ತಾಯಿತೆಂದು ಎದ್ದುಬಿಟ್ಟಳು.

ಮುಂದಿನ ಎರಡು ಭೇಟಿಗಳ ವರದಿ ಓದಿದರೆ ಬೇರೆ ಯಾರೋ ಮಾಡಿದ್ದು ಎನ್ನಬೇಕು. ಉಸಿರಾಟದ ವ್ಯಾಯಾಮ ಹೇಳಿಕೊಟ್ಟಿದ್ದಳು. ಸಂಜೆ ವಾಕಿಂಗ್ ಹೋಗಲು ಹೇಳಿದ್ದಳು. ಕಾಕಾ ಮಾತು ತೆಗೆದರೆ ಆಕಳಿಕೆ ಬರುತ್ತಿತ್ತಂತೆ. ಗಡಿಯಾರ ನೋಡುತ್ತಿದ್ದಳಂತೆ. ಭೇಟಿ ಈಗ ಮೂವತ್ತೈದು ನಿಮಿಷಕ್ಕೇ ಮುಗಿಯುತ್ತಿತ್ತು. ಮೂರನೆಯ ವಾರ ನನ್ನ ಎದುರು ಬಂದು ಕೂತು, "ಈ ಕೇಸ್ ಬೇರೆಯವರಿಗಿ ಕೊಡ್ರಿ ಮೇಡಂ. ಇವರಿಗಿ ಗುಳಗಿ ಬೇಕಾಗ್ಯದ, ಸೈಕಿಯಾಟ್ರಿಸ್ಟ್ ಕಡಿ ಕಳಸೋಣ" ಅಂದಳು.

ತಾಳ್ಮೆ ನನ್ನ ಗುಣವಲ್ಲ, ಆದರೆ ಆ ದಿನ ಇತ್ತು. "ಗುಳಗಿ ಯಾರಿಗಿ ಬೇಕು?" ಎಂದೆ.

ಅವಳು ಮೇಜಿನ ಅಂಚು ಕೆರೆದಳು. ಆಮೇಲೆ ಸಿಟ್ಟು ಒಮ್ಮೆಲೇ ಬಂತು. "ಆಕಿ ಬಾಗಿಲ ಬಡದಾಳ್ರಿ. ಛೋಟೆ ಅಂತ ಕರದಾಳ. ಇವರು ಸುಮ್ಮ ನಿಂತಾರ. ಈಗ ನಾ ಇವರಿಗಿ ಚಲೋ ಆಗೋ ಹಂಗ ಮಾಡ್ಬೇಕೇನ್ರಿ? ನಾ ಯಾಕ ಮಾಡ್ಲಿ?"

"ಎಂಟು ವರ್ಷದ ಹುಡುಗ ಇದ್ದ," ಎಂದೆ.

"ನೀವು ಯಾಕ ಅವರ ಪರ ಮಾತಾಡ್ಲತ್ತೀರಿ?"

ಅಷ್ಟು ಚೆನ್ನಾಗಿ ಯಾರೂ ನನ್ನ ಬಾಯಿ ಮುಚ್ಚಿಸಿರಲಿಲ್ಲ. ಹೌದು, ಅವಳು ಒಮ್ಮೆ ಮಾಫ್ ಎಂದುಬಿಟ್ಟರೆ ನಾನೂ ಆ ಸಂಜೆ ಹಗುರಾಗಿ ಮನೆಗೆ ಹೋಗುತ್ತಿದ್ದೆ. ನಾನು ಭಾಲ್ಕಿಯವಳು; ಬಾಗಿಲ ಒಳಗಿನವರ ಪೈಕಿ. ನಮ್ಮ ಮನೆಯಲ್ಲಿ ಪೋಲೀಸ್ ಆಕ್ಷನ್ ಎಂದರೆ ಸೋದರಮಾವ ಮಿಲಿಟರಿ ಟ್ರಕ್ಕಿಗೆ ಹೆದರಿ ಎಮ್ಮೆಯ ಹಿಂದೆ ಅಡಗಿದ ಕತೆ, ಎಲ್ಲರೂ ನಗುವ ಕತೆ. ಓಣಿಯ ಆ ಬದಿಯ ಕತೆ ನಮ್ಮಲ್ಲಿ ಹೇಳುತ್ತಿರಲಿಲ್ಲ. ಹೀಗೆ ಪ್ರತಿವರ್ಗಾವಣೆ ಸಮಾಲೋಚಕರಲ್ಲಿ ನಿಲ್ಲುವುದಿಲ್ಲ, ಮೇಲೆ ಕೂತು ಕಲಿಸುವವರಿಗೂ ಬರುತ್ತದೆ. ಕಲಿಸುವವರ ಬಾಯಿ ಜೋರಿರುವುದರಿಂದ ಅದನ್ನು ಅನುಭವ ಎಂದು ಕರೆಯುತ್ತಾರೆ.

"ಸರಿ," ಎಂದೆ. "ನಿನ್ನ ಸಿಟ್ಟಿನಾಗ ಎರಡು ಪಾಲು ಅದಾವ. ಒಂದು ನಿನ್ನದು, ನಿನ್ನ ಮನಿದು. ಅದನ್ನ ಆ ಕೋಣಿಯೊಳಗ ಒಯ್ಯಬ್ಯಾಡ, ನನ್ನ ಹತ್ರ ತಾ. ಇನ್ನೊಂದು ಅವರೇ ನಿನ್ನ ಕೈಯಾಗ ಕೊಟ್ಟದ್ದು. ಬೈರಿ ಅಂತಾರ, ನಿನಗ ಬೈಬೇಕು ಅನಸ್ತದ. ಮಾಫ್ ಮಾಡ್ರಿ ಅಂತಾರ, ಮೊದಲು ಪಾಪ ಅನಸ್ತಿತ್ತು. ಎರಡೂ ಆಪಾನ ಕೆಲಸ. ನೀನು ಅವರ ಆಪಾ ಏನು?"

"ಅಲ್ಲ."

"ಮತ್ತ ಬೈಯೋದೂ ನಿಂದಲ್ಲ, ಮಾಫ್ ಮಾಡೋದೂ ನಿಂದಲ್ಲ."

"ಹಂಗಾದ್ರ ನಂದೇನದರಿ ಅಲ್ಲಿ?"

"ಅಲ್ಲಿ ಕೂಡೋದು. ಅವರು ಆಕಿಗಿ ಹೇಳ್ಬೇಕಾದದ್ದು ಪೂರಾ ಹೇಳ್ಲಿ. ನೀನು ಆಕಿ ಅಲ್ಲ ಅನ್ನೋದು ಇಬ್ಬರಿಗೂ ಗೊತ್ತಿರ್ಲಿ. ಸಿಟ್ಟು ತಡೀಲಾರದಂಗ ಆದ್ರ ಆಗ ಕೇಸ್ ಬಿಡು, ಅದು ಅವಮಾನ ಅಲ್ಲ. ಸಿಟ್ಟಿಗಿ ಗುಳಗಿ ಅಂತ ಹೆಸರಿಟ್ಟು ಬಿಡಬ್ಯಾಡ."

ಎರಡು ವಾರ ಅವಳು ಕಾಕಾನನ್ನು ನೋಡುವ ಮೊದಲು ನನ್ನ ಹತ್ತಿರ ಬಂದು ಕೂತಳು. ಮನೆಯ ಮಾತು ಹೆಚ್ಚೇನೂ ಹೇಳಲಿಲ್ಲ. ದಾದಿ, ತಂದೆಯ ತಾಯಿ, ಔರಾದ್ ಕಡೆಯಿಂದ ಬೀದರಿಗೆ ಬಂದವಳು, ಒಬ್ಬಳೇ ಬಂದಳು ಎಂದಷ್ಟೇ. ನಾನು ಹೆಚ್ಚು ಕೆದಕಲಿಲ್ಲ. ಅದು ತರಬೇತಿಯ ಶಿಸ್ತು ಎಂದು ನನಗೆ ನಾನೇ ಹೇಳಿಕೊಂಡೆ.

ಈ ನಡುವೆ ನಮ್ಮ ಕೇಂದ್ರದ ಅಧ್ಯಕ್ಷರಿಗೆ ವಿಷಯ ಹೇಗೋ ಮುಟ್ಟಿತು. ದೊಡ್ಡ ಹೊಟ್ಟೆ, ದೊಡ್ಡ ಮನಸ್ಸು, ಎರಡನ್ನೂ ಮುಂದೆ ಮಾಡಿಕೊಂಡು ಬರುತ್ತಿದ್ದರು. ಬೆಂಗಳೂರಿನಿಂದ ಅತಿಥಿಗಳು ಬರುವವರಿದ್ದರು. "ಎಂಥ ಚಲೋ ಪ್ರಸಂಗ ಅದ ಮೇಡಂ! ಹಿಂದೂ ಮುದುಕ, ಮುಸ್ಲಿಂ ಹುಡುಗಿ. ಆಕಿ ಮಾಫ್ ಮಾಡೀನಿ ಅಂತಾಳ, ಅವರು ಕಣ್ಣೀರು ಹಾಕ್ತಾರ. ಹೆಸರು ಹೇಳೋದು ಬ್ಯಾಡ, ಕತಿ ಹೇಳೋಣ. ಒಂದು ಮಾತು ಅಂದ್ರ ಆಕಿದೇನು ಹೋಗ್ತದ?" ಅವರ ಕಣ್ಣಿಗೆ ಶಾಲೆಯ ಗ್ಯಾದರಿಂಗಿನ ನಾಟಕವೇ ಬಂದಿತ್ತು, ಕೊನೆಗೆ ಎಲ್ಲರೂ ಕೈ ಕೈ ಹಿಡಿದು ಸಾಲಾಗಿ ನಿಲ್ಲುವಂಥದು. ಯಾರಿಗೆ ತಪ್ಪಾಯಿತೋ ಅವಳು ಇಲ್ಲ, ಅವಳ ಬದಲಿಗೆ ಬೇರೆ ಯಾರಾದರೂ ಸಹಿ ಹಾಕಿದರೆ ನಡೆಯುತ್ತದೆ ಎಂಬ ಅವರ ನಂಬಿಕೆ ನನಗೆ ಹೇಸಿಗೆ ತಂದಿತು. ಒಳಗೆ ಮಾತಾಡಿದ್ದು ಹೊರಗೆ ಹೋಗುವುದಿಲ್ಲ ಎಂದು ನಾವು ಪ್ರತಿಯೊಬ್ಬರಿಗೂ ಮಾತು ಕೊಟ್ಟಿರುತ್ತೇವೆ, ನೀವು ಅತಿಥಿಗಳಿಗೆ ಕೋಟೆ ತೋರಿಸಿ ಎಂದೆ. ಅವರು ನನ್ನೊಡನೆ ಒಂದು ತಿಂಗಳು ಮಾತು ಬಿಟ್ಟರು. ನೆಮ್ಮದಿಯ ತಿಂಗಳು.

ಆ ಎರಡು ವಾರ ಕಳೆದ ಮೇಲಿನ ಭೇಟಿಯ ದಿನ ಕಾಕಾ ಹೊಸ ಧೋತರ ಉಟ್ಟು ಬಂದಿದ್ದರು. ಇವತ್ತು ತೀರ್ಪು ಎಂದು ಅವರಿಗೆ ಅನಿಸಿರಬೇಕು. ಹುಡುಗಿ ಆಮೇಲೆ ಹೇಳಿದ್ದನ್ನು ನಾನು ಹಾಗೇ ಬರೆಯುತ್ತಿದ್ದೇನೆ.

"ಆಪಾ, ಮಾಫ್ ಮಾಡೀನಿ ಅನ್ರಿ," ಎಂದರು ಕಾಕಾ.

"ಕಾಕಾ, ನೀವು ನನ್ನ ನೋಡಿ ಆಕಿ ಜೋಡಿ ಮಾತಾಡ್ಲತ್ತೀರಿ ಅನಸ್ತದ. ನಾ ಆಕಿ ಅಲ್ರಿ. ಆಕಿ ಪರವಾಗಿ ಮಾಫ್ ಮಾಡೋದು ನನ್ನ ಕೈಯಾಗ ಇಲ್ಲ. ಬೈಯೋದೂ ಇಲ್ಲ."

"ಒಂದು ಮಾತ್ರಿ. ಅಂದು ಬಿಡ್ರಿ."

"ಅಂದ್ರ ಇವತ್ತು ಸಂಜಿಗೆ ನಿಮಗ ಹಗುರ ಆಗ್ತದ. ನಾಳಿಗಿ, ಆ ಹುಡುಗಿ ಸುಳ್ಳು ಹೇಳಿದ್ಳು ಅಂತ ನಿಮಗೇ ಗೊತ್ತಾಗ್ತದ. ಆಕಿಗಿ ಏನು ಹೇಳ್ಬೇಕಂತೀರಿ, ಅದು ಪೂರಾ ಹೇಳ್ರಿ. ನಾ ಕೇಳ್ತೇನಿ."

ಕಾಕಾನ ಮುಖ ಕೆಂಪಾಯಿತು. "ಕೇಳ್ಲಿಕ್ಕೆ ಗ್ವಾಡಿ ಇಲ್ಲೇನ್ ನಮ್ಮ ಮನ್ಯಾಗ? ಮತ್ತ ನೀ ಯಾಕ ಕೂತಿ ಇಲ್ಲಿ?" ಎಂದು ಎದ್ದರು. ಬಹುವಚನ ಹೋಗಿತ್ತು, ಅಪ್ಪಣೆ ಕೇಳುವುದೂ ಹೋಗಿತ್ತು. ಬಾಗಿಲನ್ನು ದೊಡ್ಡ ಸದ್ದು ಮಾಡಿ ಎಳೆದುಕೊಂಡು ಹೋದರು.

ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಅವರ ಐವತ್ತು ನಿಮಿಷ ಹುಡುಗಿ ಖಾಲಿ ಕುರ್ಚಿಯ ಎದುರು ಕೂತಿರುತ್ತಿದ್ದಳು, ಆ ಹೊತ್ತಿಗೆ ಬೇರೆಯವರನ್ನು ಕರೆಯಲು ಒಪ್ಪಲಿಲ್ಲ. ಆಸ್ಪತ್ರೆಯವರು ಸೊಸೆಯನ್ನು ವಿಚಾರಿಸಿ ಜೀವಕ್ಕೇನೂ ಅಪಾಯವಿಲ್ಲ, ಊಟ ಕಡಿಮೆಯಾಗಿದೆ, ಯಾರೊಡನೆಯೂ ಮಾತಿಲ್ಲ ಎಂದು ತಿಳಿಸಿದರು. ಮೂರನೆಯ ವಾರ ಅವಳು ಚೀಲ ಹೆಗಲಿಗೆ ಹಾಕಿಕೊಂಡು ನನ್ನ ಬಾಗಿಲಲ್ಲಿ ನಿಂತಳು.

"ಭಾಲ್ಕಿ ಬಸ್ ಅದರಿ ಈಗ. ನಾ ಹೋಗಿ ಬರ್ತೇನಿ."

"ಹೋಗಿ ಏನಂತಿ?"

"ಮಾಫ್ ಮಾಡೀನಿ ಅಂತೇನಿ. ಇಷ್ಟು ಕಲ್ಲಾಗಿ ಯಾಕ ಕೂಡ್ಬೇಕು? ಅವರಿಗಿ ಏನರ ಆದ್ರ?"

"ಕಲ್ಲಾದವಳು ಇಷ್ಟು ಅಳ್ತಾಳೇನು?" ಎಂದೆ.  ಅವಳನ್ನು ತಡೆದು ನಾನೇನು ಸಾಧಿಸುತ್ತಿದ್ದೇನೆ, ಒಬ್ಬ ಮುದುಕನನ್ನು ಪಾಠದ ಸಲುವಾಗಿ ಸಾಯಿಸುತ್ತಿದ್ದೇನೆಯೇ ಎಂದು ನನಗೂ ಹೆದರಿಕೆ ಇತ್ತು. ಆದರೂ ಹೇಳಿದೆ: ಈಗ ಹೋದರೆ ನೀನು ಓಡಿಹೋಗುವುದು ಅವರ ಸಲುವಾಗಿ ಅಲ್ಲ, ನಿನ್ನ ಸಂಕಟ ಕಳೆಯಲು. ಅವರು ನಿನ್ನ ಮೇಲೆ ಸಿಟ್ಟಾಗಿದ್ದಾರೆ. ಅವರು ಸಿಟ್ಟಾದರೂ ನೀನು ಇಲ್ಲೇ ಇರುತ್ತೀ ಎಂಬುದು ಅವರಿಗೆ ತಿಳಿಯಲಿ. ಜಾಗ ಹೊತ್ತು ಎರಡೂ ಹಾಗೇ ಇವೆ ಎಂದು ಆಸ್ಪತ್ರೆಯವರ ಕೈಲಿ ಹೇಳಿ ಕಳಿಸಿದೆವು. ಅಷ್ಟೇ. ಬಸ್ಸು ಹೋಯಿತು.

ಐದನೆಯ ವಾರ ಕಾಕಾ ಬಂದರು. ಹಳೆಯ ಧೋತರ, ಗಡ್ಡ ಬೆಳೆದಿತ್ತು. ನಾನು ತರಗತಿಯ ಕಿಟಕಿಯಿಂದ ನೋಡಿದೆ, ಒಳಗೆ ಹೋದದ್ದು ನೋಡಿದೆ, ಆಮೇಲೆ ಆ ದಿನ ಏನು ಪಾಠ ಹೇಳಿದೆನೋ ದೇವರೇ ಬಲ್ಲ.

ಹುಡುಗಿ ಹೊರಗೆ ಬಂದದ್ದು ಹೊತ್ತಿಗೆ ಸರಿಯಾಗಿ. ನೇರ ನನ್ನ ಹತ್ತಿರ ಬಂದಳು.

ಕಾಕಾ, "ನೀ ಆಕಿ ಅಲ್ಲ. ಆಕಿ ಇದ್ದಿದ್ರ ಈಗ ಮುದುಕಿ ಆಗಿರ್ತಿದ್ಳು, ನನಗಿಂತ ಮುದುಕಿ" ಎಂದರಂತೆ. ಐವತ್ತು ವರ್ಷ ಅವರ ಎದುರಿಗೆ ಹದಿನೇಳರ ಹುಡುಗಿಯೇ ನಿಂತಿದ್ದಳು. ಅವಳಿಗೂ ವಯಸ್ಸಾಗಬಹುದಿತ್ತು, ಹಲ್ಲು ಬೀಳಬಹುದಿತ್ತು ಎಂಬುದು ಅವರಿಗೆ ಅಂದೇ ಹೊಳೆದಂತಿತ್ತು. ಆಮೇಲೆ ಅವಳ ಹೆಸರು ಹೇಳಿದರು. ಅಷ್ಟು ದಿನ ಹೇಳಿರಲಿಲ್ಲ. ಹೆಸರು ಹೇಳಿ ಅತ್ತರು. ಆಕೆಯನ್ನು ಮಾಫಿ ಬೇಡಲಿಲ್ಲ, ಸತ್ತವರಿಗೆ ಅಳುವ ಹಾಗೆ ಅತ್ತರು. ಹುಡುಗಿ ಕೂತಿದ್ದಳು, ಏನೂ ಅನ್ನಲಿಲ್ಲ. ನನ್ನ ಅಷ್ಟು ವರ್ಷದ ಪಾಠಗಳಲ್ಲಿ ಯಾರಾದರೂ ಒಬ್ಬರು ಸರಿಯಾಗಿ ಕಲಿತದ್ದು ಅದೊಂದನ್ನೇ.

ಅತ್ತು ಮುಗಿದ ಮೇಲೆ ಕಾಕಾ ಅವಳನ್ನು ನೋಡಿದರಂತೆ. ಇಷ್ಟು ತಿಂಗಳಲ್ಲಿ ಮೊದಲ ಸಲ ನೋಡಿದರು ಎಂದು ಅವಳಿಗೆ ಅನಿಸಿತು. "ಬೇಟಿ, ನಿಮ್ಮ ಮನಿ ಮಂದ್ಯಾಗ ಯಾರರ ಹೋದ್ರೇನ್, ಆ ಟೈಮಿನ್ಯಾಗ?" ಎಂದು ಕೇಳಿದರು.

ಪಠ್ಯದ ಪ್ರಕಾರ ಇಂಥ ಕಡೆ ಸಮಾಲೋಚಕರು ತಮ್ಮ ವಿಷಯ ಹೇಳಬಾರದು, ಪ್ರಶ್ನೆಯನ್ನು ಬಂದವರ ಕಡೆಗೇ ತಿರುಗಿಸಬೇಕು. ನೀನೇನಂದೆ ಎಂದು ಕೇಳಿದೆ.

"ಹೌದ್ರಿ ಕಾಕಾ ಅಂದೆ. ಅಷ್ಟೇ ಅಂದೆ. ಅವರು ಕೈ ಮುಗದ್ರು, ಬರೋ ವಾರ ಬರ್ತೇನಿ ಅಂತ ಹೇಳಿ ಹೋದ್ರು." ಆಮೇಲೆ, "ತಪ್ಪಾಯ್ತೇನ್ರಿ?" ಎಂದಳು.

ತಪ್ಪಲ್ಲ ಎಂದೆ. ಆಮೇಲೆ, ನಮ್ಮ ಕಸುಬಿನ ಚಟ, "ಆಗ ನಿನಗ ಏನನಿಸ್ತು?" ಎಂದು ಕೇಳಿದೆ.

ಅವಳು ನನ್ನನ್ನು ನೋಡಿದಳು. ಆ ನೋಟದಲ್ಲಿ ಹೆದರಿಕೆ ಇರಲಿಲ್ಲ.

"ನಮ್ಮ ದಾದಿಯ ಇಬ್ಬರು ಅಣ್ಣಂದಿರು, ತಂದಿ, ಎಲ್ಲಾ ಹೋದ್ರರಿ. ದಾದಿ ಸತ್ತು ಆರು ವರ್ಷ ಆಯ್ತು. ಸಾಯೋತನಕ ಬೀದರಿನ್ಯಾಗೇ ಇದ್ಳು, ಹಿಂದೂ ಮಂದಿ ನಡುವೆನೇ ಬಾಳ್ವಿ ಮಾಡಿದ್ಳು. ಆಕಿಗಾಗ್ಲಿ ನನಗಾಗ್ಲಿ ಒಬ್ಬರೂ ಆ ಮಾತು ಕೇಳಿದ್ದಿಲ್ಲರಿ ಮೇಡಂ. ಇವತ್ತು ಕೇಳಿದ್ರು, ಬಾಗಿಲ ತೆರೀಲಾರದವರು."

ನಾನು ಅವಳಿಗೆ ಎರಡು ವರ್ಷ ಕಲಿಸಿದ್ದೆ.